ಬಹುಮಹಡಿ ವಾಣಿಜ್ಯ ಕಟ್ಟಡಗಳಲ್ಲಿ ಅಗ್ನಿ ಪತ್ತೆ, ಸ್ಪ್ರಿಂಕ್ಲರ್ ಹಾಗೂ ತುರ್ತು ದೀಪ ವ್ಯವಸ್ಥೆ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅಗ್ನಿ ಅನಾಹುತದಲ್ಲಿ 9 ಮಂದಿ ಮೃತಪಟ್ಟರು. ಬೆಂಕಿಯು ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟ್‌ನಲ್ಲಿ ಹೊತ್ತಿಕೊಂಡು, ಹೊಗೆಯು ಮೇಲಿನ ಮಹಡಿಗಳನ್ನು ವ್ಯಾಪಿಸಿತು. ಉಸಿರುಗಟ್ಟಿದ ಕೆಲವರು ಕಿಟಕಿಗಳಿಂದ ಹಾರಿದರು. ಚಿಕ್ಕಮಗಳೂರು ನಗರ ಹಾಗೂ ಮೂಡಿಗೆರೆಯಲ್ಲಿ ವಾಣಿಜ್ಯ ಸಂಕೀರ್ಣ ನಿರ್ಮಿಸುವ ಅರ್ಜಿದಾರರು ಡಕ್ಟ್‌ನ ಹೊಗೆಯನ್ನೇ ಮುಖ್ಯವಾಗಿ ಗಮನದಲ್ಲಿಡತಕ್ಕದ್ದು.

ಸ್ಪ್ರಿಂಕ್ಲರ್ ಅಳವಡಿಸಿದರೆ ಸಾಕೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಸ್ಪ್ರಿಂಕ್ಲರ್ ಹೊಗೆಗಾಗಲಿ, ಎಚ್ಚರಿಕೆ ಗಂಟೆಗಾಗಲಿ ತೆರೆದುಕೊಳ್ಳುವುದಿಲ್ಲ. ಅದರ ಗಾಜಿನ ಬುರುಡೆಯು ಶಾಖದಿಂದ ಒಡೆದಾಗ ಮಾತ್ರ ನೀರು ಬೀಳುವುದು. ಕೆಂಪು ದ್ರವವುಳ್ಳ ಬುರುಡೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಡಕ್ಟ್‌ನಿಂದ ಮೇಲೇರಿ ತಣಿದ ಹೊಗೆಯು ಮೆಟ್ಟಿಲಿನ ಬಳಿ ಅಷ್ಟು ಬಿಸಿಯಾಗಿರದೆ ಇರಬಹುದು. ಆದ್ದರಿಂದ ಡಕ್ಟ್‌ನಲ್ಲಿಯೂ ಅದರ ಮುಂದಿನ ಪಡಸಾಲೆಯಲ್ಲಿಯೂ ಹೊಗೆ ಪತ್ತೆ ಸಾಧನ ಇರುವುದು ಅವಶ್ಯಕ. ಪ್ರತಿ ಮಹಡಿಯಲ್ಲಿ ತಂತಿಗಳ ಸುತ್ತಲಿನ ಸಂದುಗಳನ್ನು ಅಗ್ನಿನಿರೋಧಕ ವಸ್ತುವಿನಿಂದ ಮುಚ್ಚತಕ್ಕದ್ದು.

ಮಲೆನಾಡಿನಲ್ಲಿ ಹೊಗೆ ಪತ್ತೆ ಸಾಧನಕ್ಕೆ ಒಂದು ವಿಶೇಷ ತೊಡಕಿದೆ. ತೆರೆದ ಕಿಟಕಿಯಿಂದ ಬರುವ ಮಂಜಿನ ಹನಿಗಳೂ ಹೊಗೆಯಂತೆಯೇ ಬೆಳಕನ್ನು ಚದುರಿಸುವುದರಿಂದ ಗಂಟೆ ಸುಮ್ಮನೆ ಮೊಳಗುತ್ತದೆ. ನೆಲಮಹಡಿಯಲ್ಲಿ ಕಾಫಿ ಬೀಜ ಹುರಿಯುವ ಅಂಗಡಿಯಿದ್ದರಂತೂ ಹೇಳಬೇಕಾಗಿಲ್ಲ. ಬೇಸತ್ತ ಬಾಡಿಗೆದಾರರು ಸಾಧನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವುದೂ ಉಂಟು. ಇದು ಸಾಧನವೇ ಇಲ್ಲದಿರುವುದಕ್ಕಿಂತ ಅಪಾಯಕರ, ಏಕೆಂದರೆ ಮಹಡಿಯವರು ಗಂಟೆಯನ್ನು ನಂಬಿ ಕುಳಿತಿರುತ್ತಾರೆ. ಹುರಿಯುವ ಕೊಠಡಿಗೆ ಶಾಖ ಪತ್ತೆ ಸಾಧನವನ್ನು ಹಾಕಿ, ಉಳಿದೆಡೆ ಸಾಧನವನ್ನು ಕಿಟಕಿಯಿಂದ ದೂರಕ್ಕೆ ಸರಿಸುವುದು ಸೂಕ್ತ.

ತುರ್ತು ದೀಪಗಳಿಗೆ ಜನರೇಟರ್ ಒಂದನ್ನೇ ಅವಲಂಬಿಸಬಾರದು. ಜನರೇಟರ್‌ನ ತಂತಿಯೂ ಅದೇ ಡಕ್ಟ್‌ನಲ್ಲಿ ಹಾದುಹೋಗಿದ್ದರೆ, ಬೆಂಕಿಯಲ್ಲಿ ಎರಡೂ ಒಟ್ಟಿಗೆ ಕಡಿದುಹೋಗುತ್ತವೆ. ಪ್ರತಿ ದೀಪದೊಳಗೆ ಸ್ವಂತ ಬ್ಯಾಟರಿ ಇದ್ದು, ಅದು ಕನಿಷ್ಠ 90 ನಿಮಿಷ ಉರಿಯತಕ್ಕದ್ದು. ಉದಾಹರಣೆಗೆ, ಆಷಾಢದ ಮಳೆಗೆ ಮರ ಬಿದ್ದು ರಾತ್ರಿಯಿಡೀ ವಿದ್ಯುತ್ ಇಲ್ಲದ ಕಟ್ಟಡವನ್ನು ಗಮನಿಸಿ. ರಾತ್ರಿಯೇ ಬ್ಯಾಟರಿಗಳು ಬರಿದಾಗಿರುತ್ತವೆ. ಬೆಳಿಗ್ಗೆ ವಿದ್ಯುತ್ ಬಂದರೂ ಪೂರ್ಣ ಚಾರ್ಜ್‌ಗೆ ಹಲವು ಗಂಟೆಗಳು, ಕೆಲವು ದೀಪಗಳಿಗೆ ಇಡೀ ದಿನವೇ ಬೇಕಾಗುತ್ತದೆ. ಹಾಗಾಗಿ ಹತ್ತು ಗಂಟೆಗೆ ಅಂಗಡಿಗಳು ತೆರೆದಾಗ ಮೆಟ್ಟಿಲಿನ ದೀಪಗಳು ಹೆಸರಿಗಷ್ಟೇ ಇರುತ್ತವೆ. ಹಸಿರು ಸೂಚಕ ಬೆಳಗುತ್ತಿದ್ದರೂ ಅದು ಚಾರ್ಜ್ ಆಗುತ್ತಿದೆ ಎಂಬುದನ್ನಷ್ಟೇ ತಿಳಿಸಬಹುದು.

ಪರೀಕ್ಷೆಯ ದಿನ ಜನರೇಟರನ್ನು ನಿಲ್ಲಿಸಿ, ಮೆಟ್ಟಿಲಿನ ದೀಪದ ಸರ್ಕಿಟ್‌ನ ವಿದ್ಯುತ್ತನ್ನು ಕಡಿದು, 90 ನಿಮಿಷಗಳ ನಂತರ ಯಾವ ದೀಪಗಳು ಉಳಿದಿವೆ ಎಂದು ಮಹಡಿವಾರು ಬರೆದಿಡುವುದು. ಸ್ಪ್ರಿಂಕ್ಲರ್ ಕೊಳವೆಯ ತುದಿಯ ಪರೀಕ್ಷಾ ವಾಲ್ವನ್ನು ತೆರೆದಾಗ ನೀರು ಹರಿದು ಗಂಟೆ ಬಾರಿಸತಕ್ಕದ್ದು. ನೀರು ಬಾರದಿದ್ದಲ್ಲಿ ಮೊದಲು ಮುಖ್ಯ ವಾಲ್ವ್ ಮುಚ್ಚಿದೆಯೇ ಎಂದು ನೋಡುವುದು. ದುರಸ್ತಿಗೆಂದು ಮುಚ್ಚಿ ಮರೆತ ವಾಲ್ವ್ ಅಪರೂಪವಲ್ಲ.