ಪದ ಪರಿಚಯ: ಜಸ್ಟ್ ಇನ್ ಟೈಮ್

ಬೇಕಾದ ಸರಕು, ಬೇಕಾದಷ್ಟೇ, ಬೇಕಾದ ಹೊತ್ತಿಗೆ ಬರುವಂತೆ ಕೊಳ್ಳುವ ಕ್ರಮಕ್ಕೆ ಈ ಹೆಸರು. 1930ರ ದಶಕದಲ್ಲಿ ಟೊಯೋಟಾದ ಕೀಚಿರೊ ಟೊಯೋಡ ಬಳಸಿದ ಈ ಮಾತನ್ನು ತೈಚಿ ಓನೊ ಪದ್ಧತಿಯಾಗಿ ಬೆಳೆಸಿದರು. ಕನ್ನಡದಲ್ಲಿ ‘ಸಕಾಲಿಕ ಖರೀದಿ’ ಎನ್ನಬಹುದು.

ತುಮಕೂರಿನ ವಸಂತನರಸಾಪುರದಲ್ಲಿ ದಿನಕ್ಕೆ 400 ಕಿಲೋ ಉಕ್ಕಿನ ತಗಡು ಬಳಸುವ ಒಂದು ಘಟಕವಿದೆ ಎಂದುಕೊಳ್ಳಿ. ತಿಂಗಳಿಗೊಮ್ಮೆ 10 ಟನ್ ತರಿಸಿದರೆ ಹಣವೂ ಗೋದಾಮೂ ಅದರಲ್ಲೇ ಸಿಲುಕುತ್ತವೆ, ತಗಡಿಗೆ ತುಕ್ಕೂ ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ 800 ಕಿಲೋ ತರಿಸಿದರೆ ಹಣ ಕೈಯಲ್ಲುಳಿಯುತ್ತದೆ. ಕೆಟ್ಟ ಸರಕು ಬಂದರೂ ಬೇಗ ಗೊತ್ತಾಗುತ್ತದೆ. ಆದರೆ ಕುಣಿಗಲ್ ಬಳಿ ಲಾರಿ ಕೆಟ್ಟು ನಿಂತರೆ ಮರುದಿನವೇ ಯಂತ್ರಗಳೂ ನಿಲ್ಲುತ್ತವೆ. 1997ರಲ್ಲಿ ಬ್ರೇಕ್ ವಾಲ್ವ್ ಪೂರೈಸುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಜಪಾನಿನಲ್ಲಿ ಟೊಯೋಟಾದ ಕಾರು ತಯಾರಿಕೆಯೇ ಕೆಲವು ದಿನ ನಿಂತಿತ್ತು.

ಹಾಗಾಗಿ ಬೇಡಿಕೆ ಏರುಪೇರಿಲ್ಲದೆ ಇರಬೇಕು, ಪೂರೈಕೆದಾರ ಹತ್ತಿರದವನೂ ಮಾತಿಗೆ ತಪ್ಪದವನೂ ಆಗಿರಬೇಕು, ಸಣ್ಣ ಕಂತಿನ ಸಾಗಣೆ ವೆಚ್ಚ ಉಳಿತಾಯವನ್ನು ನುಂಗಬಾರದು. ಗುಬ್ಬಿಯ ಎಚ್‌ಎಎಲ್ ತಯಾರಿಸುವಂಥ ಹೆಲಿಕಾಪ್ಟರಿಗೆ ಬೇಕಾಗುವ, ತಯಾರಾಗಲು ತಿಂಗಳುಗಳೇ ಹಿಡಿಯುವ ಭಾಗಗಳಿಗೆ ಈ ಕ್ರಮ ಒಗ್ಗದು. ಅಂಥವನ್ನು ಮುಂಚಿತವಾಗಿಯೇ ತರಿಸಿಡಬೇಕು.