ಆಫೀಸ್ ಗ್ರೂಪ್‌ಗೆ ಕಿರಾಣಿ ಪಟ್ಟಿ ಹೋದರೆ ಫೋನ್ ಹ್ಯಾಕ್ ಆಗಿದೆ ಎಂದರ್ಥವೇ?

ನಾವು ಟೈಪ್ ಮಾಡದೇ ಇರುವ ಮಾತು ನಮ್ಮ ಹೆಸರಿನಲ್ಲಿ ಗ್ರೂಪ್‌ಗೆ ಹೋದರೆ ಫೋನ್‌ಗೆ ವೈರಸ್ ಬಂದಿದೆ, ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಗಾಬರಿಯಾಗುವವರಿದ್ದಾರೆ. ಆದರೆ ಹೋದದ್ದು ನೀವೇ ಸ್ವಲ್ಪ ಹೊತ್ತಿನ ಹಿಂದೆ ಕಾಪಿ ಮಾಡಿದ್ದ ಪಠ್ಯವಾಗಿದ್ದು, ಅದನ್ನು ಪೇಸ್ಟ್ ಮಾಡಿದ್ದೂ ನೀವೇ ಆಗಿದ್ದರೆ ಅದು ಹ್ಯಾಕ್ ಅಲ್ಲ. ಅದು ಕ್ಲಿಪ್‌ಬೋರ್ಡ್‌ನ ಸಹಜ ಕೆಲಸ.

ಒಂದು ಉದಾಹರಣೆ ನೋಡೋಣ. ಕಮಲಾಪುರದ ರೈತರಿಂದ ಕೆಂಪು ಬಾಳೆ ಖರೀದಿಸುವ ಸಣ್ಣ ಸಂಸ್ಥೆಯೊಂದಿದೆ, ಅದರ ಕಚೇರಿ ಕಲಬುರಗಿಯಲ್ಲಿದೆ ಎಂದುಕೊಳ್ಳಿ. ಕಮಲಾಪುರದಲ್ಲಿರುವ ಸಿಬ್ಬಂದಿಯೊಬ್ಬರು ರೈತರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಆಫೀಸ್ ಗ್ರೂಪ್‌ಗೆ ಹಾಕುತ್ತಾರೆ. ಅದನ್ನು ನೋಡಿ ಕಲಬುರಗಿಯ ಲೆಕ್ಕಿಗರು ಹಣ ಕಳಿಸುತ್ತಾರೆ.

ಬೆಳಿಗ್ಗೆ 11 ಗಂಟೆಗೆ ಮನೆಯಿಂದ ಮೆಸೇಜ್ ಬರುತ್ತದೆ: "ತೊಗರಿ ಬ್ಯಾಳಿ 2 ಕೆಜಿ, ಶೇಂಗಾ ಎಣ್ಣಿ 1 ಲೀಟರ್, ಉಳ್ಳಾಗಡ್ಡಿ 3 ಕೆಜಿ." ಸಿಬ್ಬಂದಿ ಅದನ್ನು ಕಾಪಿ ಮಾಡಿ ಅಂಗಡಿಯವರಿಗೆ ಕಳಿಸುತ್ತಾರೆ. 11:30ಕ್ಕೆ ರೈತರೊಬ್ಬರ ಖಾತೆ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಅವರು ಅದರ ಮೇಲೆ ಬೆರಳೊತ್ತಿ ಹಿಡಿಯುತ್ತಾರೆ, ಅಂಕಿಗಳಿಗೆ ಬಣ್ಣ ಬರುತ್ತದೆ. ಅಷ್ಟರಲ್ಲಿ ಯಾರದೋ ಕರೆ. ಮಾತು ಮುಗಿಸಿ ಆಫೀಸ್ ಗ್ರೂಪ್ ತೆರೆದು, ಪೇಸ್ಟ್ ಮಾಡಿ, ನೋಡದೆ ಕಳಿಸುತ್ತಾರೆ. ಹೋದದ್ದು ತೊಗರಿ ಬೇಳೆಯ ಪಟ್ಟಿ.

ಹೀಗಾಗಲು ಎರಡು ಕಾರಣಗಳಿವೆ. ಮೊದಲನೆಯದು, ಅಕ್ಷರಗಳಿಗೆ ಬಣ್ಣ ಬಂದ ಮಾತ್ರಕ್ಕೆ ಕಾಪಿ ಆಗುವುದಿಲ್ಲ. ಆ ಮೇಲೆ ಕಾಣುವ 'ಕಾಪಿ'ಯನ್ನು ಒತ್ತಲೇಬೇಕು. ಎರಡನೆಯದು, ಒಮ್ಮೆ ಪೇಸ್ಟ್ ಮಾಡಿದರೆ ಕ್ಲಿಪ್‌ಬೋರ್ಡ್ ಖಾಲಿಯಾಗುವುದಿಲ್ಲ. ಹೊಸದೊಂದು ಕಾಪಿಯಾಗಿ ಬಂದು ಕೂರುವವರೆಗೂ ಹಳೆಯದೇ ಅಲ್ಲಿರುತ್ತದೆ. ಆಂಡ್ರಾಯ್ಡ್ 13 ಮತ್ತು ನಂತರದ ಫೋನ್‌ಗಳು ಕಾಪಿ ಮಾಡಿದ್ದನ್ನು ಸ್ವಲ್ಪ ಸಮಯದ ನಂತರ ತಾವೇ ಅಳಿಸುತ್ತವೆ, ಆದರೆ ಅರ್ಧ ಗಂಟೆಯ ಹಿಂದಿನ ಪಟ್ಟಿ ಅಳಿಯದೆ ಉಳಿದಿರಬಹುದು. ಜಿಬೋರ್ಡ್ ಕೀಬೋರ್ಡ್‌ನ ಕ್ಲಿಪ್‌ಬೋರ್ಡ್ ಆನ್ ಮಾಡಿದ್ದರೆ, ಅದು ಕಾಪಿ ಮಾಡಿದ ಹಲವು ಸಂಗತಿಗಳನ್ನು ಸುಮಾರು ಒಂದು ಗಂಟೆ ಇಟ್ಟುಕೊಳ್ಳುತ್ತದೆ. ಪಿನ್ ಮಾಡಿದ್ದನ್ನಂತೂ ನೀವು ತೆಗೆಯುವವರೆಗೂ ಇಟ್ಟುಕೊಳ್ಳುತ್ತದೆ.

ಕಿರಾಣಿ ಪಟ್ಟಿ ಹೋದರೆ ಗ್ರೂಪ್‌ನವರು ನಗುತ್ತಾರೆ, ಅಷ್ಟೇ. ಅದು ತಪ್ಪು ಎಂದು ಎಲ್ಲರಿಗೂ ಕಾಣುತ್ತದೆ. ನಿಜವಾದ ಅಪಾಯ ಇರುವುದು ಕಾಣದ ತಪ್ಪಿನಲ್ಲಿ. ಇದೇ ಉದಾಹರಣೆಯಲ್ಲಿ, 11 ಗಂಟೆಗೆ ಕಾಪಿ ಮಾಡಿದ್ದು ಬೇಳೆಯ ಪಟ್ಟಿಯಲ್ಲ, ಬೇರೊಬ್ಬ ರೈತರ ಖಾತೆ ಸಂಖ್ಯೆ ಎಂದುಕೊಳ್ಳಿ. ಈಗಲೂ ಅದೇ ತಪ್ಪು, ಆದರೆ ಗ್ರೂಪ್‌ನಲ್ಲಿ ಕಾಣುವುದು ಉದ್ದನೆಯ ಅಂಕಿಗಳ ಸಾಲು. ಯಾರಿಗೂ ಅನುಮಾನ ಬರುವುದಿಲ್ಲ. ನೆಫ್ಟ್ ಮೂಲಕ ಕಳಿಸುವ ಹಣ ಖಾತೆ ಸಂಖ್ಯೆಯನ್ನು ಆಧರಿಸಿ ಜಮಾ ಆಗುತ್ತದೆ. ಹೆಸರು ಸರಿಯಾಗಿ ಬರೆದಿದ್ದರೂ ಸಂಖ್ಯೆ ಬೇರೆಯವರದಾಗಿದ್ದರೆ ಹಣ ಅವರಿಗೇ ಹೋಗಬಹುದು.

ಇದನ್ನು ಹಿಡಿಯುವುದು ಹೇಗೆ? ಪೇಸ್ಟ್ ಮಾಡಿದ ಮೇಲೆ, ಕಳಿಸುವ ಮೊದಲು, ಕೊನೆಯ ನಾಲ್ಕು ಅಂಕಿಗಳನ್ನು ಮೂಲ ಮೆಸೇಜ್ ಜೊತೆ ಹೋಲಿಸಿ. ಬೇರೆ ಬೇರೆ ಖಾತೆಗಳ ಮೊದಲ ಅಂಕಿಗಳು ಒಂದೇ ತರಹ ಇರಬಹುದು, ಆದ್ದರಿಂದ ಕೊನೆಯವನ್ನೇ ನೋಡಿ. ಆಂಡ್ರಾಯ್ಡ್ 13 ಮತ್ತು ನಂತರದ ಫೋನ್‌ಗಳಲ್ಲಿ ಕಾಪಿ ಆದ ತಕ್ಷಣ ಪರದೆಯ ಕೆಳಗೆ ಆ ಪಠ್ಯದ ಚಿಕ್ಕ ನೋಟ ಮೂಡುತ್ತದೆ. ಅದು ಕಾಣದಿದ್ದರೆ ಮತ್ತೊಮ್ಮೆ ಕಾಪಿ ಮಾಡಿ. ಹಣ ಕಳಿಸುವವರಿಗೂ ಒಂದು ಅನುಕೂಲವಿದೆ: ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಖಾತೆದಾರರ ಹೆಸರನ್ನು ಮೊದಲೇ ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಸೂಚಿಸಿತ್ತು. ಪರದೆಯಲ್ಲಿ ಬಂದ ಹೆಸರು ರೈತರದ್ದೇ ಎಂದು ಖಚಿತವಾದ ಮೇಲೆ ಮುಂದುವರಿಯಬೇಕು.

ತಪ್ಪು ಸಂಖ್ಯೆ ಈಗಾಗಲೇ ಹೋಗಿದ್ದರೆ? ವಾಟ್ಸಾಪ್‌ನಲ್ಲಿ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು, ಸುಮಾರು ಎರಡು ದಿನದವರೆಗೆ "Delete for everyone" ಒತ್ತಿ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಆದರೆ ಇಷ್ಟೇ ಮಾಡಿ ಸುಮ್ಮನಾಗಬೇಡಿ. ಲೆಕ್ಕಿಗರು ಅಷ್ಟರಲ್ಲಿ ಆ ಸಂಖ್ಯೆಯನ್ನು ಕಾಪಿ ಮಾಡಿಕೊಂಡಿದ್ದರೆ ಅದು ಅವರ ಫೋನಿನ ಕ್ಲಿಪ್‌ಬೋರ್ಡ್‌ನಲ್ಲಿರುತ್ತದೆ. ನೀವು ಗ್ರೂಪ್‌ನಲ್ಲಿ ಅಳಿಸಿದರೆ ಅದು ಅಲ್ಲಿಂದ ಹೋಗುವುದಿಲ್ಲ. ಹಾಗಾಗಿ ತಕ್ಷಣ ಫೋನ್ ಮಾಡಿ, ಸರಿಯಾದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬಾಯಲ್ಲೇ ಓದಿ ಹೇಳಿ. ಹಣ ಹೋಗಿಯೇ ಬಿಟ್ಟಿದ್ದರೆ, ಕಳಿಸಿದ ಬ್ಯಾಂಕಿಗೆ ಆಗಲೇ ತಿಳಿಸಿ.