ಎತ್ತರ ಪ್ರದೇಶಗಳಲ್ಲಿ ಅಡುಗೆಯ ಅವಧಿ

ಸಮುದ್ರ ಮಟ್ಟದಿಂದ ಮೇಲಕ್ಕೆ ಹೋದಂತೆ ವಾತಾವರಣದ ಒತ್ತಡ ಕಡಿಮೆಯಾಗುವುದರಿಂದ ನೀರು 100 °ಸೆ.ಗಿಂತ ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಇದರಿಂದ ನೀರಿನಲ್ಲಿ ಬೇಯಿಸುವ ಆಹಾರಕ್ಕೆ ತಗಲುವ ಸಮಯ ಹೆಚ್ಚಾಗುತ್ತದೆ. ಪ್ರೆಷರ್ ಕುಕ್ಕರ್ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತದೆಯಾದರೂ ಪೂರ್ತಿಯಾಗಿ ನೀಗಿಸುವುದಿಲ್ಲ. ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲಡಾಖಿನ ಲೇಹ್ ನಗರದಲ್ಲಿ ನೀರು ಸುಮಾರು 88 °ಸೆ.ನಲ್ಲಿ ಕುದಿಯುತ್ತದೆ. ಮಂಗಳೂರಿನ ಅಡುಗೆಮನೆಯಲ್ಲಿ 120 °ಸೆ. ತಲುಪುವ ಕುಕ್ಕರ್ ಅಲ್ಲಿ ಸುಮಾರು 114 °ಸೆ.ಗೆ ನಿಲ್ಲುತ್ತದೆ.

ಕುದಿಬಿಂದು ಇಳಿಯುವುದೇಕೆ

ನೀರನ್ನು ಕಾಯಿಸಿದಂತೆ ಅದರ ಆವಿಯ ಒತ್ತಡ ಏರುತ್ತಾ ಹೋಗುತ್ತದೆ. ಈ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದಾಗ ನೀರಿನ ಒಳಗೇ ಆವಿಯ ಗುಳ್ಳೆಗಳು ಉಳಿಯಬಲ್ಲವು. ಇದನ್ನೇ ಕುದಿಯುವುದು ಎನ್ನುತ್ತಾರೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್ ಇದ್ದರೆ ಲೇಹ್‌ನಲ್ಲಿ ಅದು ಸುಮಾರು 66 ಕಿಲೋಪ್ಯಾಸ್ಕಲ್. ಹೀಗಾಗಿ ಅಲ್ಲಿ ಗುಳ್ಳೆಗಳು ಬೇಗನೆ ಏಳುತ್ತವೆ. ಪ್ರತಿ 300 ಮೀಟರ್ ಏರಿಕೆಗೆ ಕುದಿಬಿಂದು ಸುಮಾರು 1 °ಸೆ. ಇಳಿಯುತ್ತದೆ ಎಂಬ ಲೆಕ್ಕ ಜನವಸತಿಯಿರುವ ಎತ್ತರಗಳಿಗೆಲ್ಲ ಸಾಕಷ್ಟು ಸರಿಹೊಂದುತ್ತದೆ.

ನೀರು ಕುದಿಯಲಾರಂಭಿಸಿದ ಮೇಲೆ ಅದರ ಉಷ್ಣತೆ ಮತ್ತೆ ಏರುವುದಿಲ್ಲ. ಒಲೆಯ ಉರಿಯನ್ನು ಹೆಚ್ಚಿಸಿದರೆ ನೀರು ಬೇಗ ಆವಿಯಾಗಿ ಹೋಗುತ್ತದೆಯೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ಉಪ್ಪು ಹಾಕಿದರೆ ಕುದಿಬಿಂದು ಏರುತ್ತದೆ ಎಂಬುದು ನಿಜವಾದರೂ ಆ ಏರಿಕೆ ತೀರಾ ಅಲ್ಪ. ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಬೆರೆಸಿದರೂ ಅರ್ಧ ಡಿಗ್ರಿಯಷ್ಟು ಮಾತ್ರ ವ್ಯತ್ಯಾಸವಾಗುತ್ತದೆ; ಆ ಸಾರನ್ನು ಬಾಯಿಗಿಡುವುದು ಕಷ್ಟ.

ಈ ವಿದ್ಯಮಾನದ ಪ್ರಸಿದ್ಧ ವಿವರಣೆಯೊಂದು ಚಾರ್ಲ್ಸ್ ಡಾರ್ವಿನ್‌ನ ಪ್ರವಾಸ ಕಥನದಲ್ಲಿದೆ. 1835ರ ಮಾರ್ಚ್ ತಿಂಗಳಿನಲ್ಲಿ ಆತ ಆಂಡೀಸ್ ಪರ್ವತಗಳನ್ನು ಪೋರ್ಟಿಲೊ ಮಾರ್ಗವಾಗಿ ದಾಟುತ್ತಿದ್ದಾಗ, ಜೊತೆಗಿದ್ದವರು ಆಲೂಗಡ್ಡೆಯನ್ನು ಗಂಟೆಗಟ್ಟಲೆ ಕುದಿಸಿದರೂ ಅದು ಮೆತ್ತಗಾಗಲಿಲ್ಲ. ರಾತ್ರಿಯಿಡೀ ಒಲೆಯ ಮೇಲಿಟ್ಟು ಬೆಳಗ್ಗೆ ಮತ್ತೆ ಕುದಿಸಿದರೂ ಫಲ ಸಿಗಲಿಲ್ಲ. ಹೊಸದಾಗಿ ತಂದಿದ್ದ ಪಾತ್ರೆಗೆ ಆಲೂಗಡ್ಡೆ ಬೇಯಿಸುವ ಮನಸ್ಸಿಲ್ಲವೆಂದು ಅವರು ತೀರ್ಮಾನಿಸಿದರು.

ಆಹಾರ ಬೇಯುವ ವೇಗ

ಎಲ್ಲ ಆಹಾರಗಳೂ ಈ ಇಳಿಕೆಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಅಕ್ಕಿಯ ಪಿಷ್ಟವು ನೀರು ಹೀರಿ ಉಬ್ಬಿ ಮೆತ್ತಗಾಗಲು, ತಳಿಯನ್ನು ಅವಲಂಬಿಸಿ, ಸುಮಾರು 55ರಿಂದ 79 °ಸೆ. ಉಷ್ಣತೆ ಸಾಕು. ಮೊಟ್ಟೆಯ ಹಳದಿ ಭಾಗ 70 °ಸೆ. ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದ ಲೇಹ್‌ನಲ್ಲಿ ತೆರೆದ ಪಾತ್ರೆಯಲ್ಲಿಯೂ ಅನ್ನ ಮತ್ತು ಮೊಟ್ಟೆ ಸ್ವಲ್ಪ ನಿಧಾನವಾಗಿ ಬೇಯುತ್ತವೆ. ಬೇಳೆಕಾಳು, ಆಲೂಗಡ್ಡೆ, ಗೆಡ್ಡೆಗಳ ವಿಷಯ ಹೀಗಲ್ಲ. ಇವುಗಳಲ್ಲಿ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಕರಗಿದರೆ ಮಾತ್ರ ಕಾಳು ಹಿಸುಕಲು ಬರುತ್ತದೆ. ಪೆಕ್ಟಿನ್ ಕರಗುವ ವೇಗ ಉಷ್ಣತೆ ಇಳಿದಂತೆ ಬಹಳ ಕುಗ್ಗುತ್ತದೆ.

ಅಡುಗೆಯ ಅಂದಾಜಿಗೆ, ಉಷ್ಣತೆ 10 °ಸೆ. ಇಳಿದರೆ ಬೇಯುವ ಅವಧಿ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮವನ್ನು ಬಳಸಬಹುದು. ಲೇಹ್‌ನಲ್ಲಿ ಇಳಿಕೆ 12 °ಸೆ. ಇರುವುದರಿಂದ ಅವಧಿ ಸುಮಾರು 2.3 ಪಟ್ಟಾಗುತ್ತದೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ 40 ನಿಮಿಷಕ್ಕೆ ಬೇಯುವ ತೊಗರಿಬೇಳೆಗೆ ಅಲ್ಲಿ ಒಂದೂವರೆ ಗಂಟೆ ಬೇಕು. ಅಷ್ಟು ಹೊತ್ತು ಆರಿಹೋಗುವ ನೀರನ್ನೂ ಆಗಾಗ ತುಂಬಬೇಕು, ಅದೂ ಬಿಸಿನೀರನ್ನೇ. ಹಳೆಯ ಕಾಳುಗಳಿಗೆ ಈ ಅಂದಾಜೂ ಸಾಲದು.

ನೀರಿನ ಹಂಗಿಲ್ಲದ ಅಡುಗೆಗೆ ಈ ಮಿತಿ ಅನ್ವಯಿಸುವುದಿಲ್ಲ. ಎಣ್ಣೆ ಅಥವಾ ಬಾಣಲೆ ಎಷ್ಟು ಬೇಕಾದರೂ ಕಾಯಬಲ್ಲದು. ಟಿಬೆಟ್ ಮತ್ತು ಲಡಾಖಿನ ಮುಖ್ಯ ಆಹಾರಗಳಲ್ಲಿ ಒಂದಾದ ಹುರಿದ ಬಾರ್ಲಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ಹಾಗೆಯೇ ತಿನ್ನಬಹುದು. ಅದು ಕುದಿಯುವ ನೀರಿನ ಉಷ್ಣತೆಯನ್ನು ಅವಲಂಬಿಸಿಲ್ಲ.

ಪ್ರೆಷರ್ ಕುಕ್ಕರ್‌ನ ಮಿತಿ

ಆವಿಯನ್ನು ಮುಚ್ಚಿಟ್ಟು ಒತ್ತಡ ಹೆಚ್ಚಿಸಿ ಬೇಯಿಸುವ ಪಾತ್ರೆಯನ್ನು ಫ್ರಾನ್ಸ್ ಮೂಲದ ವಿಜ್ಞಾನಿ ಡೆನಿ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಇಂದಿನ ಕುಕ್ಕರ್‌ಗಳಲ್ಲಿಯೂ ತತ್ತ್ವ ಅದೇ. ಮುಚ್ಚಳದ ಮೇಲಿನ ಸಣ್ಣ ರಂಧ್ರವನ್ನು ತೂಕದ ವಿಸಿಲ್ ಮುಚ್ಚಿರುತ್ತದೆ. ರಂಧ್ರದ ವ್ಯಾಸ 3 ಮಿಲಿಮೀಟರ್ ಇದ್ದರೆ 70 ಗ್ರಾಂ ತೂಕವು ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ, ಅಂದರೆ 98 ಕಿಲೋಪ್ಯಾಸ್ಕಲ್ ಒತ್ತಡದವರೆಗೆ ಆವಿಯನ್ನು ತಡೆಯಬಲ್ಲದು. ಭಾರತದ ಮನೆಗಳಲ್ಲಿ ಬಳಸುವ ಕುಕ್ಕರ್‌ಗಳು ಸಾಮಾನ್ಯವಾಗಿ ಈ ಒತ್ತಡಕ್ಕೆ ತಯಾರಾದವು.

ಎತ್ತರದಲ್ಲಿ ಲೆಕ್ಕ ತಪ್ಪುವುದು ಇಲ್ಲಿಯೇ. ವಿಸಿಲ್‌ನ ತೂಕವು ನಿಗದಿಪಡಿಸುವುದು ಒಳಗಿನ ಒಟ್ಟು ಒತ್ತಡವನ್ನಲ್ಲ, ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ವಿಸಿಲ್ ಅನ್ನು ಮೇಲಿನಿಂದ ಒತ್ತುವುದು ಅದರ ತೂಕ ಮಾತ್ರವಲ್ಲ, ಹೊರಗಿನ ಗಾಳಿಯೂ ಒತ್ತುತ್ತದೆ. ಮಂಗಳೂರಿನಲ್ಲಿ ಒಳಗಿನ ಒತ್ತಡ 101 ಮತ್ತು 98 ಸೇರಿ 199 ಕಿಲೋಪ್ಯಾಸ್ಕಲ್ ಆದಾಗ ವಿಸಿಲ್ ಏಳುತ್ತದೆ. ಆಗ ನೀರಿನ ಉಷ್ಣತೆ 120 °ಸೆ. ಲೇಹ್‌ನಲ್ಲಿ 66 ಮತ್ತು 98 ಸೇರಿ 164 ಕಿಲೋಪ್ಯಾಸ್ಕಲ್ ಆಗುತ್ತಲೇ ವಿಸಿಲ್ ಎದ್ದುಬಿಡುತ್ತದೆ. ಆಗ ಉಷ್ಣತೆ 114 °ಸೆ. ಮಾತ್ರ.

| ಸ್ಥಳ | ಎತ್ತರ (ಸುಮಾರು) | ತೆರೆದ ಪಾತ್ರೆಯಲ್ಲಿ | ಕುಕ್ಕರ್‌ನಲ್ಲಿ |
|---|---|---|---|
| ಮಂಗಳೂರು | ಸಮುದ್ರ ಮಟ್ಟ | 100 °ಸೆ. | 120 °ಸೆ. |
| ಬೆಂಗಳೂರು | 920 ಮೀ. | 97 °ಸೆ. | 118 °ಸೆ. |
| ಊಟಿ | 2,240 ಮೀ. | 93 °ಸೆ. | 116 °ಸೆ. |
| ಲೇಹ್ | 3,500 ಮೀ. | 88 °ಸೆ. | 114 °ಸೆ. |
| ಎತ್ತರದ ಶಿಬಿರ | 5,000 ಮೀ. | 83 °ಸೆ. | 112 °ಸೆ. |

ಕೋಷ್ಟಕದಲ್ಲಿ ಗಮನಿಸಬೇಕಾದದ್ದು ಎರಡು ಕಂಬಗಳ ಇಳಿಕೆಯ ಅಂತರ. 5,000 ಮೀಟರ್ ತಲುಪುವಷ್ಟರಲ್ಲಿ ತೆರೆದ ಪಾತ್ರೆ 17 ಡಿಗ್ರಿ ಕಳೆದುಕೊಂಡರೆ ಕುಕ್ಕರ್ ಕಳೆದುಕೊಳ್ಳುವುದು 8 ಡಿಗ್ರಿ. ಬೆಂಗಳೂರಿನ ಕುಕ್ಕರ್ ಅಡುಗೆಯಲ್ಲಿ ಈ ವ್ಯತ್ಯಾಸ ಬಹುತೇಕ ಗಮನಕ್ಕೇ ಬರುವುದಿಲ್ಲ.

ಮುಚ್ಚಳದ ಮೇಲೆ ಕಲ್ಲು ಹೇರಿ ಸಾಮಾನ್ಯ ಪಾತ್ರೆಯನ್ನೇ ಕುಕ್ಕರ್ ಮಾಡಿಕೊಳ್ಳಬಹುದೆಂಬ ನಂಬಿಕೆಯುಂಟು. 20 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ 5 ಕಿಲೋಗ್ರಾಂ ಕಲ್ಲಿಟ್ಟರೂ, ಆವಿ ಎಲ್ಲಿಯೂ ಸೋರದಿದ್ದರೆ, ಹೆಚ್ಚುವ ಒತ್ತಡ ಒಂದೂವರೆ ಕಿಲೋಪ್ಯಾಸ್ಕಲ್‌ನಷ್ಟು. ಅದರಿಂದ ದೊರೆಯುವುದು ಅರ್ಧ ಡಿಗ್ರಿಯ ಏರಿಕೆ. ವಿಸಿಲ್‌ನ ಪುಟ್ಟ ತೂಕ ಪರಿಣಾಮಕಾರಿಯಾಗುವುದು ರಂಧ್ರ ಅಷ್ಟು ಕಿರಿದಾಗಿರುವುದರಿಂದ. ಹಾಗೆಂದು ವಿಸಿಲ್‌ಗೆ ಹೆಚ್ಚಿನ ತೂಕ ಕಟ್ಟುವುದು ಅಪಾಯಕಾರಿ. ಕುಕ್ಕರ್‌ನ ಗೋಡೆ ಮತ್ತು ಸುರಕ್ಷತಾ ಕವಾಟಗಳು ತಡೆದುಕೊಳ್ಳಬೇಕಾದದ್ದು ಇದೇ ಒತ್ತಡದ ವ್ಯತ್ಯಾಸವನ್ನು. ಎತ್ತರದಲ್ಲಿ ಬದಲಿಸಬೇಕಾದದ್ದು ತೂಕವನ್ನಲ್ಲ, ಸಮಯವನ್ನು.

ಸಮಯದ ಲೆಕ್ಕ

ಕುಕ್ಕರ್ ಅಡುಗೆಗೆ ಬಳಕೆಯಲ್ಲಿರುವ ನಿಯಮವೆಂದರೆ, 600 ಮೀಟರ್ ಎತ್ತರದ ನಂತರದ ಪ್ರತಿ 300 ಮೀಟರಿಗೆ ಅವಧಿಯನ್ನು ಶೇಕಡ 5ರಷ್ಟು ಹೆಚ್ಚಿಸುವುದು. ಸಮುದ್ರ ಮಟ್ಟದಲ್ಲಿ ನೆನೆಸಿದ ಕಡಲೆಕಾಳು ಪೂರ್ಣ ಒತ್ತಡ ಬಂದ ಮೇಲೆ 20 ನಿಮಿಷಕ್ಕೆ ಬೇಯುತ್ತದೆಂದು ಇಟ್ಟುಕೊಂಡರೆ, ಲೇಹ್‌ನ ಲೆಕ್ಕ ಹೀಗಾಗುತ್ತದೆ: 3,500ರಲ್ಲಿ 600 ಕಳೆದರೆ 2,900 ಮೀಟರ್, ಅದರಲ್ಲಿ 300 ಮೀಟರಿನ ಸುಮಾರು 9.7 ಭಾಗಗಳಿವೆ, ಹೆಚ್ಚಳ ಶೇಕಡ 48, ಅವಧಿ ಸುಮಾರು 30 ನಿಮಿಷ. ಉಷ್ಣತೆಯ ನಿಯಮದಿಂದ ನೋಡಿದರೂ 6 ಡಿಗ್ರಿ ಇಳಿಕೆಗೆ ಅವಧಿ ಒಂದೂವರೆ ಪಟ್ಟಾಗುತ್ತದೆ. ಎರಡೂ ದಾರಿಗಳಿಂದ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ.

ಈ ಲೆಕ್ಕಕ್ಕೆ ವಿಸಿಲ್ ಎಣಿಸುವ ರೂಢಿ ಒದಗಿಬರುವುದಿಲ್ಲ. ಎಷ್ಟು ಸಲ ಕೂಗಿತು ಎಂಬುದು ಉರಿಯ ತೀವ್ರತೆ ಮತ್ತು ಒಳಗಿನ ನೀರಿನ ಪ್ರಮಾಣವನ್ನು ಅವಲಂಬಿಸಿರುತ್ತದೆಯೇ ಹೊರತು ಕಳೆದ ಸಮಯವನ್ನು ಸೂಚಿಸುವುದಿಲ್ಲ. ಎತ್ತರದಲ್ಲಿ ಕಡಿಮೆ ಉಷ್ಣತೆಗೇ ವಿಸಿಲ್ ಏಳುವುದರಿಂದ, ಅಷ್ಟೇ ಉರಿಯಲ್ಲಿ ಅಷ್ಟೇ ತಣ್ಣನೆಯ ನೀರಿಟ್ಟರೆ, ಮೊದಲ ಕೂಗು ಬೇಗನೇ ಕೇಳಿಸುತ್ತದೆ. ಊರಿನಲ್ಲಿ ಮೂರು ಕೂಗಿಗೆ ಇಳಿಸುವ ಅಭ್ಯಾಸವಿದ್ದವರಿಗೆ ಹೀಗಾಗಿ ಬೇಳೆ ಅರೆಬೆಂದೇ ಸಿಗುತ್ತದೆ. ಮೊದಲ ಕೂಗಿನ ನಂತರ ಉರಿಯನ್ನು ಸಣ್ಣದಾಗಿಸಿ ಗಡಿಯಾರ ನೋಡಿ ನಿಮಿಷ ಎಣಿಸುವುದು ಸರಿಯಾದ ಕ್ರಮ.

ಇಳಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವವರೆಗೆ ಕಾಯುವುದು ಎತ್ತರದಲ್ಲಿ ಇನ್ನಷ್ಟು ಅಗತ್ಯ. ವಿಸಿಲ್ ಎತ್ತಿ ಆವಿಯನ್ನು ಒಮ್ಮೆಲೇ ಬಿಟ್ಟರೆ ಮಂಗಳೂರಿನಲ್ಲಿ ನೀರು 120ರಿಂದ 100ಕ್ಕೆ, ಅಂದರೆ 20 ಡಿಗ್ರಿ ಇಳಿಯಬೇಕು. ಲೇಹ್‌ನಲ್ಲಿ ಅದು 114ರಿಂದ 88ಕ್ಕೆ, 26 ಡಿಗ್ರಿ ಇಳಿಯಬೇಕು. ಆ ಹೆಚ್ಚುವರಿ ಶಾಖದಿಂದ ಒಳಗಿನ ನೀರಿನ ಶೇಕಡ 5ರಷ್ಟು ಕ್ಷಣಾರ್ಧದಲ್ಲಿ ಆವಿಯಾಗಿ, ಬೇಳೆಯ ನೊರೆಯನ್ನೂ ರಂಧ್ರದ ಮೂಲಕ ಹೊರಗೆ ಚಿಮ್ಮಿಸುತ್ತದೆ. ತಾನಾಗಿ ತಣಿಯಲು ಬಿಟ್ಟರೆ ಆ ಹತ್ತು ನಿಮಿಷವೂ ಕಾಳು ಬೇಯುತ್ತಲೇ ಇರುತ್ತದೆ.

ಬೆಂದಿದೆಯೇ ಎಂದು ತಿಳಿಯಲು ಒಂದೆರಡು ಕಾಳುಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಬೇಕು. ಒಳಗೆ ಬಿಳಿಯ ಗಟ್ಟಿ ತಿರುಳು ಉಳಿದಿದ್ದರೆ ಸಮಯ ಸಾಲದಾಗಿದೆ. ಸಾಕಷ್ಟು ಸಮಯ ಕೊಟ್ಟ ಮೇಲೂ ಕಾಳು ಗಟ್ಟಿಯಾಗಿಯೇ ಉಳಿದರೆ ಕಾರಣ ಎತ್ತರವಾಗಿರದೆ, ಗಡಸು ನೀರು, ಹಳೆಯ ಕಾಳು ಅಥವಾ ಮೊದಲೇ ಹಾಕಿದ ಹುಣಸೆಹುಳಿ ಆಗಿರಬಹುದು. ಹುಳಿ ಮತ್ತು ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಎರಡೂ ಪೆಕ್ಟಿನ್ ಕರಗದಂತೆ ತಡೆಯುತ್ತವೆ.

ರಾಜ್ಮಾ ಮತ್ತು ಕುಡಿಯುವ ನೀರು

ಅರೆಬೆಂದ ತೊಗರಿಬೇಳೆಯಿಂದ ಊಟ ಕೆಡಬಹುದು; ಅರೆಬೆಂದ ರಾಜ್ಮಾದಿಂದ ಆರೋಗ್ಯವೇ ಕೆಡುತ್ತದೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ವರ್ಗಕ್ಕೆ ಸೇರಿದ ವಿಷಕಾರಿ ಪ್ರೋಟೀನ್ ಇದೆ. ಅದು ಹೊಟ್ಟೆ ಸೇರಿದ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ ಮತ್ತು ಭೇದಿ ಉಂಟಾಗುತ್ತವೆ. ಸಮುದ್ರ ಮಟ್ಟದಲ್ಲಿ ಚೆನ್ನಾಗಿ ಕುದಿಸುವುದರಿಂದ ಈ ವಿಷ ನಾಶವಾಗುತ್ತದೆ. ಆದರೆ 80 °ಸೆ. ಆಸುಪಾಸಿನಲ್ಲಿ ಮಾತ್ರ ಕಾಯಿಸಿದ ರಾಜ್ಮಾ ಹಸಿ ಕಾಳಿಗಿಂತಲೂ ಹೆಚ್ಚು ವಿಷಕಾರಿಯಾಗಬಲ್ಲದೆಂದು ಆಹಾರ ಸುರಕ್ಷತೆಯ ಕೈಪಿಡಿಗಳು ಎಚ್ಚರಿಸುತ್ತವೆ. 5,000 ಮೀಟರ್ ಎತ್ತರದಲ್ಲಿ ಕುದಿಯುವ ನೀರು 83 °ಸೆ. ಮಾತ್ರ ಇರುವುದರಿಂದ ಅಲ್ಲಿ ನೀರು ಕುದಿಯುತ್ತಿರುವುದು ಸುರಕ್ಷತೆಯ ಗುರುತಾಗಲಾರದು. ಎತ್ತರದಲ್ಲಿ ರಾಜ್ಮಾವನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರ್‌ನಲ್ಲಿಯೇ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಬೇಕು. ಕುಕ್ಕರ್ ಇಲ್ಲದಿದ್ದರೆ ರಾಜ್ಮಾವನ್ನು ಕೈಬಿಟ್ಟು ಬೇಗ ಬೇಯುವ ಮಸೂರ ಅಥವಾ ಹೆಸರುಬೇಳೆಯನ್ನು ಆರಿಸಿಕೊಳ್ಳುವುದು ಲೇಸು.

ಕುಡಿಯುವ ನೀರಿನ ಸಂಗತಿ ಇಷ್ಟು ಕಠಿಣವಲ್ಲ. ರೋಗಾಣುಗಳು 88 °ಸೆ.ನಲ್ಲಿಯೂ ಸಾಯುತ್ತವೆ, ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ ಅಷ್ಟೆ. ಸುಮಾರು 2,000 ಮೀಟರಿಗಿಂತ ಮೇಲೆ ನೀರನ್ನು 1 ನಿಮಿಷದ ಬದಲು 3 ನಿಮಿಷ ಕುದಿಸಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ.